ಟ್ಯಾಂಕು, ಮೆಟ್ಟಿಲು ಕೋಣೆ, ಪ್ಯಾರಾಪೆಟ್ ನಡುವೆ ಸೌರ ಫಲಕಕ್ಕೆ ಸಿಗುವ ಜಾಗ ಎಷ್ಟು?

ಪ್ರಶ್ನೆ: ನಮ್ಮದು ಕೊಪ್ಪಳದಲ್ಲಿ ಆರ್‌ಸಿಸಿ ಮನೆ. ಮಾಳಿಗೆ ಪ್ಯಾರಾಪೆಟ್ ಒಳಗಡೆ ಪೂರ್ವ-ಪಶ್ಚಿಮ 27 ಅಡಿ, ದಕ್ಷಿಣೋತ್ತರ 36 ಅಡಿ ಇದೆ. ಪ್ಯಾರಾಪೆಟ್ 3 ಅಡಿ ಎತ್ತರ. ನೈಋತ್ಯ ಮೂಲೆಯಲ್ಲಿ 8 ಅಡಿ ಅಗಲ, 14 ಅಡಿ ಉದ್ದ, 8 ಅಡಿ ಎತ್ತರದ ಮೆಟ್ಟಿಲು ಕೋಣೆ ಇದೆ. ಅದರ ಮೇಲೆ 2 ಅಡಿ ಕಟ್ಟೆ ಕಟ್ಟಿ ಸಾವಿರ ಲೀಟರಿನ ಟ್ಯಾಂಕ್ ಇಟ್ಟಿದ್ದೇವೆ. ಒಬ್ಬರು ಬಂದು ನೋಡಿ, ‘ಒಂದು ಕಿಲೋವ್ಯಾಟಿಗೆ ನೂರು ಚದರ ಅಡಿ, ನಿಮ್ಮಲ್ಲಿ 9 ಕಿಲೋವ್ಯಾಟ್ ಕೂಡುತ್ತದೆ’ ಎಂದರು. ಇನ್ನೊಬ್ಬರು, ‘ನೆರಳು ಬಹಳ, ಎಂಟು ಅಡಿ ಎತ್ತರದ ಕಬ್ಬಿಣದ ಚೌಕಟ್ಟು ಮಾಡಿ ಎಲ್ಲವನ್ನೂ ಮೇಲೆ ಎತ್ತಬೇಕು’ ಎನ್ನುತ್ತಾರೆ. ನಮಗೆ ಈಗ 3 ಕಿಲೋವ್ಯಾಟ್ ಸಾಕು, ಮುಂದೆ 5 ಬೇಕಾಗಬಹುದು. ಬೇಸಿಗೆಯಲ್ಲಿ ಮಾಳಿಗೆಯ ಮೇಲೇ ಮಲಗುತ್ತೇವೆ, ಮೆಣಸಿನಕಾಯಿ ಒಣಗಿಸುತ್ತೇವೆ. ಯಾರ ಮಾತು ಸರಿ?

ಉತ್ತರ: ಇಬ್ಬರ ಲೆಕ್ಕವೂ ನಿಮ್ಮ ಮಾಳಿಗೆಗೆ ಹೊಂದುವುದಿಲ್ಲ. ನೀವು ಕೊಟ್ಟಿರುವ ಅಳತೆಯಲ್ಲಿ, ಎತ್ತರದ ಚೌಕಟ್ಟಿನ ಗೊಡವೆಯಿಲ್ಲದೆ, ಮಾಳಿಗೆಯ ಉತ್ತರ ಭಾಗವೊಂದರಲ್ಲೇ 3 ಕಿಲೋವ್ಯಾಟ್ ನಿರಾಳವಾಗಿ ಕೂಡುತ್ತದೆ. ಟ್ಯಾಂಕನ್ನು ಅದೇ ಕೋಣೆಯ ಮೇಲೆ ಏಳೆಂಟು ಅಡಿ ದಕ್ಷಿಣಕ್ಕೆ ಸರಿಸಿದರೆ ಅದೇ ಭಾಗದಲ್ಲಿ 5 ಕಿಲೋವ್ಯಾಟಿಗೆ ಹತ್ತಿರ ಹೋಗಬಹುದು, ಆಗ್ನೇಯದ ಕಡೆ ಮಲಗುವ ಮತ್ತು ಒಣಗಿಸುವ ಜಾಗವೂ ಉಳಿಯುತ್ತದೆ. ಈ ತೀರ್ಮಾನಕ್ಕೆ ಹೇಗೆ ಬಂದೆ ಎಂಬುದನ್ನು ಬಿಡಿಸಿ ಬರೆಯುತ್ತೇನೆ. ನೀವೇ ಟೇಪು ಹಿಡಿದು ಪರೀಕ್ಷಿಸಿಕೊಳ್ಳಲು ಅದು ಬೇಕಾಗುತ್ತದೆ.

‘ಕಿಲೋವ್ಯಾಟಿಗೆ ನೂರು ಚದರ ಅಡಿ’ ಎಂಬುದು ಮನೆ ನೋಡುವ ಮೊದಲು, ಫೋನಿನಲ್ಲಿ ಅಂದಾಜು ಹೇಳಲು ಬಳಸುವ ಸಂಖ್ಯೆ. ಇಂದು ಸಾಮಾನ್ಯವಾಗಿ ಸಿಗುವ 540 ವ್ಯಾಟಿನ ಒಂದು ಫಲಕ ಸುಮಾರು ಏಳೂವರೆ ಅಡಿ ಉದ್ದ, ಮೂರೂಮುಕ್ಕಾಲು ಅಡಿ ಅಗಲ ಇರುತ್ತದೆ, ಅಂದರೆ 28 ಚದರ ಅಡಿ. ಒಂದು ಕಿಲೋವ್ಯಾಟಿಗೆ ಫಲಕದ ಮೈ ಮಾತ್ರ ಲೆಕ್ಕ ಹಾಕಿದರೆ 52 ಚದರ ಅಡಿ ಸಾಕು. ಉಳಿದ ಜಾಗ ನೆರಳಿಗೆ, ಓಡಾಟಕ್ಕೆ, ಸಾಲುಗಳ ನಡುವಿನ ಅಂತರಕ್ಕೆ ಹೋಗುತ್ತದೆ, ಮತ್ತು ಅದು ಎಷ್ಟು ಎಂಬುದು ಪ್ರತಿ ಮನೆಗೂ ಬೇರೆ. ನಿಮ್ಮ 972 ಚದರ ಅಡಿಯನ್ನು ನೂರರಿಂದ ಭಾಗಿಸಿದವರು ಮೆಟ್ಟಿಲು ಕೋಣೆಯ 112 ಚದರ ಅಡಿಯನ್ನೂ ಕಳೆದಿಲ್ಲ, ಅದರ ನೆರಳನ್ನೂ ನೋಡಿಲ್ಲ.

ಮೊದಲು ಅಳತೆ. ಪ್ಯಾರಾಪೆಟ್‌ನ ಒಳಮೈಯಿಂದ ಒಳಮೈಗೆ ಅಳೆಯಬೇಕು. ಕೆಳಗಿನ ಗೋಡೆಯ ಹೊರಮೈಯನ್ನೋ ನಕ್ಷೆಯಲ್ಲಿ ಬರೆದ ಸಂಖ್ಯೆಯನ್ನೋ ನಂಬಬಾರದು. ನಾಲ್ಕು ಬದಿ ಅಳೆದ ಮೇಲೆ ಎರಡೂ ಕರ್ಣಗಳನ್ನು ಅಳೆಯಿರಿ. 27 ಮತ್ತು 36 ಅಡಿಯ ಮಾಳಿಗೆಯ ಮೂಲೆಗಳು ನೇರವಾಗಿದ್ದರೆ ಎರಡೂ ಕರ್ಣಗಳು ಸರಿಯಾಗಿ 45 ಅಡಿ ಬರಬೇಕು. ಒಂದು ಅರ್ಧ ಅಡಿ ಹೆಚ್ಚಿ ಇನ್ನೊಂದು ಅರ್ಧ ಅಡಿ ಕಡಿಮೆಯಾದರೆ ಮಾಳಿಗೆ ಓರೆಯಾಗಿದೆ ಎಂದರ್ಥ, ಮತ್ತು ಕಾಗದದ ಮೇಲೆ ಕೂಡುವ ಆರನೆಯ ಫಲಕ ಮಾಳಿಗೆಯ ಮೇಲೆ ಕೂಡದೇ ಹೋಗಬಹುದು. ನಿಮ್ಮ ಸಾಲಿನಲ್ಲಿ ಉಳಿಯುವುದು ಕೆಲವೇ ಅಂಗುಲವಾದ್ದರಿಂದ ಈ ಪರೀಕ್ಷೆ ನಿಮಗೆ ಬಹಳ ಮುಖ್ಯ.

ಎರಡನೆಯದು ದಿಕ್ಕು. ಮನೆ ‘ಉತ್ತರಕ್ಕೆ ಮುಖ’ ಎನ್ನುವುದರ ಮೇಲೆ ಲೆಕ್ಕ ಕಟ್ಟಬೇಡಿ, ನಿವೇಶನ ಹತ್ತು ಡಿಗ್ರಿ ತಿರುಗಿರುವುದು ಸಾಮಾನ್ಯ. ಮೊಬೈಲಿನ ದಿಕ್ಸೂಚಿಯೂ ಸ್ಲ್ಯಾಬಿನೊಳಗಿನ ಕಬ್ಬಿಣದಿಂದಾಗಿ ದಾರಿ ತಪ್ಪಿಸುತ್ತದೆ. ಸಮತಟ್ಟಾದ ಜಾಗದಲ್ಲಿ ಒಂದು ಕೋಲನ್ನು ತೂಗುಗುಂಡು ಹಿಡಿದು ನೆಟ್ಟಗೆ ನಿಲ್ಲಿಸಿ, ಮಧ್ಯಾಹ್ನ ಹನ್ನೆರಡರಿಂದ ಒಂದರವರೆಗೆ ಐದು ನಿಮಿಷಕ್ಕೊಮ್ಮೆ ನೆರಳಿನ ತುದಿಯನ್ನು ಸೀಮೆಸುಣ್ಣದಿಂದ ಗುರುತಿಸಿ. ಎಲ್ಲಕ್ಕಿಂತ ಚಿಕ್ಕ ನೆರಳು ಬಿದ್ದ ಗೆರೆಯೇ ನಿಜವಾದ ದಕ್ಷಿಣೋತ್ತರ. ನಮ್ಮ ಗಡಿಯಾರ ಓಡುವುದು ನಮಗಿಂತ ಪೂರ್ವದ ರೇಖಾಂಶದ ಲೆಕ್ಕದಲ್ಲಿ, ಆದ್ದರಿಂದ ಕೊಪ್ಪಳದಲ್ಲಿ ಸೂರ್ಯನ ನಡುಹಗಲು ವರ್ಷದ ಸರಾಸರಿಯಲ್ಲಿ 12.25ರ ಹೊತ್ತಿಗೆ ಆಗುತ್ತದೆ. ಮುಂದೆ ನಾನು ‘ಮೂರು ಗಂಟೆ’ ಎಂದರೆ ಅದು ಸೂರ್ಯನ ಲೆಕ್ಕ, ಗಡಿಯಾರದಲ್ಲಿ ಸುಮಾರು ಮೂರೂ ಇಪ್ಪತ್ತೈದು. ಮೇ ತಿಂಗಳ ಮೊದಲ ವಾರದ ಮತ್ತು ಆಗಸ್ಟ್ ಎರಡನೇ ವಾರದ ಆಸುಪಾಸಿನಲ್ಲಿ ಸೂರ್ಯ ನೆತ್ತಿಯ ಮೇಲೇ ಇರುವುದರಿಂದ ಆಗ ಕೋಲಿನ ಪರೀಕ್ಷೆ ಕೈಗೂಡುವುದಿಲ್ಲ.

ಇನ್ನು ನೆರಳು. ನಮ್ಮ ಭಾಗದಲ್ಲಿ ನೆರಳು ಉತ್ತರಕ್ಕೆ ಅತಿ ಹೆಚ್ಚು ಚಾಚುವುದು ಡಿಸೆಂಬರ್ 21ರ ಸುಮಾರಿಗೆ. ಕೊಪ್ಪಳದ ಅಕ್ಷಾಂಶ 15 ಡಿಗ್ರಿಗಿಂತ ತುಸು ಹೆಚ್ಚು. ಆ ದಿನ ನಡುಹಗಲಿನಲ್ಲಿ ಯಾವುದೇ ವಸ್ತುವಿನ ನೆರಳು ಅದರ ಎತ್ತರದ 0.8 ಪಟ್ಟು ನೇರ ಉತ್ತರಕ್ಕೆ ಬೀಳುತ್ತದೆ. ಮೂರು ಗಂಟೆಗೆ ಅದೇ ನೆರಳು ಎತ್ತರದ 1.07 ಪಟ್ಟು ಉತ್ತರಕ್ಕೂ 1.25 ಪಟ್ಟು ಪೂರ್ವಕ್ಕೂ ಸರಿಯುತ್ತದೆ. ಬೆಳಿಗ್ಗೆ ಒಂಬತ್ತಕ್ಕೆ ಇದೇ ಅಳತೆ ಪಶ್ಚಿಮದ ಕಡೆಗೆ. ಈ ಮೂರು ಸಂಖ್ಯೆಗಳಿದ್ದರೆ ಇಡೀ ಮಾಳಿಗೆಯ ನೆರಳನ್ನು ಸೀಮೆಸುಣ್ಣದಲ್ಲಿ ಬರೆಯಬಹುದು. ಬಳ್ಳಾರಿ, ರಾಯಚೂರಿನವರಿಗೂ ಹೆಚ್ಚುಕಡಿಮೆ ಇವೇ ಸಂಖ್ಯೆಗಳು ನಡೆಯುತ್ತವೆ. ರಾಯಚೂರು ತುಸು ಉತ್ತರಕ್ಕಿರುವುದರಿಂದ ಅಲ್ಲಿ ಅಂಗುಲಗಳಷ್ಟು ಹೆಚ್ಚು ಬಿಡಬೇಕು.

ಇಲ್ಲಿ ಬಹಳ ಜನ ಮರೆಯುವ ಒಂದು ಮಾತಿದೆ. ಎತ್ತರವನ್ನು ಸ್ಲ್ಯಾಬಿನಿಂದಲ್ಲ, ಫಲಕದ ಕೆಳ ಅಂಚಿನಿಂದ ಲೆಕ್ಕ ಹಾಕಬೇಕು. ಕೆಳ ಅಂಚನ್ನು ಸ್ಲ್ಯಾಬಿನಿಂದ ಒಂದೂವರೆ ಅಡಿ ಎತ್ತರಿಸಿದರೆ, 3 ಅಡಿಯ ಪ್ಯಾರಾಪೆಟ್ ಫಲಕದ ಪಾಲಿಗೆ ಒಂದೂವರೆ ಅಡಿಯದಷ್ಟೇ. ಪೂರ್ವದ ಗೋಡೆಯಿಂದ ಅದರ ಬೆಳಗಿನ ನೆರಳು ಎರಡು ಅಡಿಗಿಂತ ಮುಂದೆ ಬರುವುದಿಲ್ಲ. ಗಾಳಿಯ ಸೆಳೆತ ಮಾಳಿಗೆಯ ಅಂಚು ಮತ್ತು ಮೂಲೆಗಳಲ್ಲೇ ಹೆಚ್ಚಾಗಿರುವುದರಿಂದ, ಮತ್ತು ಒರೆಸಲು ಮನುಷ್ಯ ನಡೆಯಬೇಕಾದ್ದರಿಂದ, ಹೇಗೂ ಸುತ್ತ ಎರಡು ಅಡಿ ಬಿಡಬೇಕು. ಆ ಎರಡು ಅಡಿಯಲ್ಲೇ ಪ್ಯಾರಾಪೆಟ್‌ನ ನೆರಳೂ ಮುಗಿದುಹೋಗುತ್ತದೆ. ಪ್ಯಾರಾಪೆಟ್ ಬಗ್ಗೆ ಇದಕ್ಕಿಂತ ಹೆಚ್ಚು ಚಿಂತೆ ನಿಮಗೆ ಬೇಡ.

ಮೆಟ್ಟಿಲು ಕೋಣೆಯದು ದೊಡ್ಡ ನೆರಳು. ಅದರ 8 ಅಡಿಯಲ್ಲಿ ಒಂದೂವರೆ ಕಳೆದರೆ ಆರೂವರೆ ಅಡಿ. ಡಿಸೆಂಬರಿನ ಮೂರು ಗಂಟೆಗೆ ಆ ನೆರಳು ಕೋಣೆಯ ಗೋಡೆಯಿಂದ 7 ಅಡಿ ಉತ್ತರಕ್ಕೆ, 8 ಅಡಿ ಪೂರ್ವಕ್ಕೆ ಹೋಗುತ್ತದೆ. ಕೋಣೆಯ ಉತ್ತರ ಗೋಡೆ ದಕ್ಷಿಣದ ಪ್ಯಾರಾಪೆಟ್‌ನಿಂದ 14 ಅಡಿಯಲ್ಲಿದೆ, ಆದ್ದರಿಂದ 21 ಅಡಿ ದಾಟಿದ ಮೇಲೆ ಕೋಣೆಯ ನೆರಳಿಲ್ಲ. ಅಲ್ಲಿಂದ ಉತ್ತರದ ಪ್ಯಾರಾಪೆಟ್‌ಗೆ 15 ಅಡಿ. ಅಂಚಿನ ಎರಡು ಅಡಿ ಕಳೆದರೆ 13 ಅಡಿ. ಅಗಲ 27ರಲ್ಲಿ ಎರಡೂ ಬದಿಯ ಎರಡೆರಡು ಅಡಿ ಕಳೆದರೆ 23 ಅಡಿ. ಈ 13 ಅಡಿ ಗುಣಿಸು 23 ಅಡಿಯೇ ನಿಮ್ಮ ಮಾಳಿಗೆಯ ನಿಜವಾದ ಸೌರ ಜಾಗ.

‘ಟ್ಯಾಂಕಿನ ದಕ್ಷಿಣಕ್ಕೆ, ಪೂರ್ವಕ್ಕೆ ಎಂದೂ ನೆರಳು ಬೀಳದು’ ಎಂದು ಹೇಳುವವರಿದ್ದಾರೆ. ನಮ್ಮ ಕಡೆ ಮೇ ಮೊದಲ ವಾರದಿಂದ ಆಗಸ್ಟ್ ಎರಡನೇ ವಾರದವರೆಗೆ ನಡುಹಗಲಿನ ಸೂರ್ಯ ನೆತ್ತಿಗಿಂತ ಉತ್ತರಕ್ಕಿರುತ್ತಾನೆ, ಹಾಗಾಗಿ ನೆರಳು ದಕ್ಷಿಣಕ್ಕೆ ತಿರುಗುತ್ತದೆ. ನಡುಹಗಲಿನಲ್ಲಿ ಅದು ಅತ್ಯಲ್ಪ, ಎತ್ತರದ ಏಳನೇ ಒಂದು ಭಾಗವೂ ಮುಟ್ಟುವುದಿಲ್ಲ. ಆದರೆ ಜೂನ್ ತಿಂಗಳ ಮೂರು ಗಂಟೆಗೆ ಕೋಣೆಯ ನೆರಳು ಪೂರ್ವಕ್ಕೆ ಸುಮಾರು 6 ಅಡಿ ಚಾಚಿರುತ್ತದೆ. ಕೋಣೆಯ ಪಕ್ಕದ, ಪೂರ್ವದ ಕಡೆಯ ಜಾಗವನ್ನು ನಾನು ಫಲಕಕ್ಕೆ ಲೆಕ್ಕ ಹಿಡಿಯದಿರುವುದಕ್ಕೆ ಇದೇ ಕಾರಣ. ಅಲ್ಲಿಯೇ ನಿಮ್ಮ ಮೆಣಸಿನಕಾಯಿ ಒಣಗಲಿ, ಬೆಳಗಿನಿಂದ ಮಧ್ಯಾಹ್ನದವರೆಗೆ ಒಳ್ಳೆಯ ಬಿಸಿಲಿರುತ್ತದೆ.

ಈಗ ಟ್ಯಾಂಕು. ಕೋಣೆ 8, ಕಟ್ಟೆ 2, ಟ್ಯಾಂಕು ಸುಮಾರು 4, ಒಟ್ಟು 14 ಅಡಿ. ಫಲಕದ ಅಂಚಿನಿಂದ ಹನ್ನೆರಡೂವರೆ. ನೀವು ಪ್ರಶ್ನೆಯೊಂದಿಗೆ ಕಳಿಸಿದ ಚಿತ್ರದ ಪ್ರಕಾರ ಟ್ಯಾಂಕು ಕೋಣೆಯ ಉತ್ತರ ತುದಿಯ ಕಡೆಗಿದ್ದು, ಅದರ ಉತ್ತರ ಮೈ ದಕ್ಷಿಣದ ಪ್ಯಾರಾಪೆಟ್‌ನಿಂದ ಹನ್ನೆರಡೂವರೆ ಅಡಿಯಲ್ಲಿದೆ. ಡಿಸೆಂಬರಿನ ನಡುಹಗಲಿಗೆ ಅದರ ನೆರಳು 10 ಅಡಿ ಮುಂದೆ ಹೋಗಿ ಇಪ್ಪತ್ತೆರಡೂವರೆ ಅಡಿಯ ಗೆರೆಯನ್ನು, ಮೂರು ಗಂಟೆಗೆ 26 ಅಡಿಯ ಗೆರೆಯನ್ನು ಮುಟ್ಟುತ್ತದೆ. ಮೂರೂವರೆ ಅಡಿ ಅಗಲದ ಈ ನೆರಳಿನ ಪಟ್ಟಿ ಮಧ್ಯಾಹ್ನವಿಡೀ ನಿಮ್ಮ ಸೌರ ಜಾಗದ ದಕ್ಷಿಣಾರ್ಧದ ಮೇಲೆ ಪಶ್ಚಿಮದಿಂದ ಪೂರ್ವಕ್ಕೆ ಸರಿಯುತ್ತಾ ಹೋಗುತ್ತದೆ.

‘ಒಂದಿಷ್ಟು ನೆರಳು ಬಿದ್ದರೆ ಅಷ್ಟೇ ಕಡಿಮೆಯಾಗುತ್ತದೆ, ಅದಕ್ಕೇನು’ ಎಂಬ ಮಾತನ್ನು ನಾನು ಬಹಳ ಸಲ ಕೇಳಿದ್ದೇನೆ, ಮತ್ತು ಈ ಒಂದು ಮಾತೇ ಮನೆಗಳ ವಿದ್ಯುತ್ತನ್ನು ಹೆಚ್ಚು ತಿನ್ನುತ್ತದೆ. ಫಲಕದೊಳಗಿನ ಕೋಶಗಳು ಒಂದರ ಹಿಂದೊಂದು ಸರಣಿಯಾಗಿ ಜೋಡಿಸಿರುತ್ತವೆ. ಒಂದು ಕೋಶಕ್ಕೆ ಬಿಸಿಲು ತಪ್ಪಿದರೆ ಆ ಸರಣಿಯ ಕರೆಂಟೆಲ್ಲ ಅದೇ ಕೋಶದ ಮಟ್ಟಕ್ಕೆ ಇಳಿಯುತ್ತದೆ. ಇದನ್ನು ತಡೆಯಲು ಪ್ರತಿ ಫಲಕವನ್ನು ಉದ್ದಕ್ಕೆ ಮೂರು ಭಾಗ ಮಾಡಿ, ಭಾಗಕ್ಕೊಂದರಂತೆ ಮೂರು ಬೈಪಾಸ್ ಡಯೋಡ್ ಇಟ್ಟಿರುತ್ತಾರೆ, ನೆರಳು ಬಿದ್ದ ಭಾಗವನ್ನು ಅವು ಬದಿಗಿಟ್ಟು ಕರೆಂಟನ್ನು ಮುಂದೆ ಕಳಿಸುತ್ತವೆ. ಈಗಿನ ಅರ್ಧಕೋಶದ ಫಲಕಗಳಲ್ಲಿ ಮೇಲಿನ ಅರ್ಧ ಮತ್ತು ಕೆಳಗಿನ ಅರ್ಧ ಬೇರೆಬೇರೆಯಾಗಿ ಕೆಲಸ ಮಾಡುತ್ತವೆ. ಫಲಕವನ್ನು ಉದ್ದುದ್ದ ನಿಲ್ಲಿಸಿದಾಗ ಕೆಳ ಅಂಚಿನಲ್ಲಿ ನಾಲ್ಕು ಬೆರಳಿನಷ್ಟು ಅಡ್ಡ ನೆರಳು ಬಿದ್ದರೂ ಅದು ಮೂರೂ ಭಾಗಗಳ ಕೋಶಗಳನ್ನು ಮುಟ್ಟುತ್ತದೆ, ಕೆಳಗಿನ ಅರ್ಧ ಪೂರ್ತಿ ಹೋಗುತ್ತದೆ. ಅದೇ ಫಲಕವನ್ನು ಅಡ್ಡ ಮಲಗಿಸಿದ್ದರೆ ಆ ನೆರಳು ಮೂರರಲ್ಲಿ ಒಂದು ಭಾಗವನ್ನಷ್ಟೇ ಮುಟ್ಟುತ್ತದೆ, ಮೂರನೇ ಎರಡು ಭಾಗ ಉಳಿಯುತ್ತದೆ. ಆದ್ದರಿಂದ ನೆರಳು ಎಲ್ಲಿಂದ ಬರುತ್ತದೆ ಎಂದು ತಿಳಿದ ಮೇಲೆಯೇ ಫಲಕವನ್ನು ನಿಲ್ಲಿಸಬೇಕೋ ಮಲಗಿಸಬೇಕೋ ಎಂದು ನಿರ್ಧರಿಸಬೇಕು.

ನಿಮ್ಮ 13 ಅಡಿಯಲ್ಲಿ ಇದನ್ನು ಹೀಗೆ ಜೋಡಿಸುತ್ತೇನೆ. ದಕ್ಷಿಣಕ್ಕೆ ಮುಖ ಮಾಡಿ 15 ಡಿಗ್ರಿ ಓರೆಯಲ್ಲಿ ಉದ್ದುದ್ದ ನಿಲ್ಲಿಸಿದ ಫಲಕ ನೆಲದ ಮೇಲೆ 7 ಅಡಿ 3 ಅಂಗುಲ ಆಕ್ರಮಿಸುತ್ತದೆ, ಹಿಂಭಾಗ ಮುಂಭಾಗಕ್ಕಿಂತ ಎರಡು ಅಡಿ ಎತ್ತರ ನಿಲ್ಲುತ್ತದೆ. ಆರು ಫಲಕಗಳನ್ನು ಪಕ್ಕಪಕ್ಕ ಇಟ್ಟರೆ ಕ್ಲ್ಯಾಂಪಿನ ಸಂದುಗಳೂ ಸೇರಿ 22 ಅಡಿ 8 ಅಂಗುಲ, 23 ಅಡಿಯೊಳಗೆ ಕೂಡುತ್ತದೆ. ಈ ಸಾಲನ್ನು ಉತ್ತರದ ಪ್ಯಾರಾಪೆಟ್‌ನಿಂದ ಎರಡು ಅಡಿ ಬಿಟ್ಟು, ಅಲ್ಲಿಂದ ಒಂದು ಅಂಗುಲವೂ ಮುಂದಕ್ಕೆ ತರದೆ ಕೂರಿಸಿ. ಆಗ ಅದರ ಕೆಳ ಅಂಚು ದಕ್ಷಿಣದಿಂದ 26 ಅಡಿ 9 ಅಂಗುಲದಲ್ಲಿರುತ್ತದೆ. ಟ್ಯಾಂಕಿನ ಡಿಸೆಂಬರ್ ನೆರಳು 26 ಅಡಿಗೆ ನಿಂತುಬಿಡುತ್ತದೆ. ಆರು ಫಲಕ ಎಂದರೆ 3.24 ಕಿಲೋವ್ಯಾಟ್, ಟ್ಯಾಂಕನ್ನು ಮುಟ್ಟದೆ. ಮೂರು ಗಂಟೆಯ ಆಚೆ ಚಳಿಗಾಲದಲ್ಲಿ ಒಂದೆರಡು ಫಲಕಗಳ ಮೇಲೆ ಟ್ಯಾಂಕಿನ ನೆರಳು ಹಾಯಬಹುದು, ಆ ಹೊತ್ತಿನ ಉತ್ಪಾದನೆ ಕಡಿಮೆಯಾದ್ದರಿಂದ ಅದನ್ನು ಒಪ್ಪಿಕೊಳ್ಳಬಹುದು. ಆದರೆ ಕೆಲಸದವರು ಓಡಾಡಲು ಅನುಕೂಲವೆಂದು ಸಾಲನ್ನು ಮಧ್ಯಕ್ಕೆ ಎಳೆದರೆ ಈ ಲೆಕ್ಕವೆಲ್ಲ ಕೆಡುತ್ತದೆ, ಮುಂದಿನ ವಿಸ್ತರಣೆಯೂ ಅಲ್ಲಿಗೆ ಮುಗಿಯುತ್ತದೆ.

5 ಕಿಲೋವ್ಯಾಟಿಗೆ ಹೋಗುವಾಗ ಮುಂದೆ ಉಳಿದ ಆರಡಿಯಷ್ಟು ಪಟ್ಟಿ ಬಳಕೆಗೆ ಬರುತ್ತದೆ. ಅಲ್ಲಿ ಇನ್ನೊಂದು ನಿಲ್ಲಿಸಿದ ಸಾಲು ಹಿಡಿಯುವುದಿಲ್ಲ. ಫಲಕಗಳನ್ನು ಅಡ್ಡ ಮಲಗಿಸಿ ಮೂರನ್ನು ಇಡಬೇಕು. ಅಡ್ಡ ಸಾಲಿಗೆ ನೆಲದ ಮೇಲೆ ಮೂರು ಅಡಿ ಏಳು ಅಂಗುಲ ಸಾಕು, ಅದರ ಹಿಂಭಾಗ ಒಂದು ಅಡಿಯಷ್ಟೇ ಏರುವುದರಿಂದ ಹಿಂದಿನ ಸಾಲಿಗೆ ನೆರಳು ಬೀಳದಿರಲು ಒಂದು ಅಡಿಗಿಂತ ತುಸು ಹೆಚ್ಚಿನ ಅಂತರ ಸಾಕು. ನಾನು ಎರಡು ಅಡಿ ಬಿಡುತ್ತೇನೆ, ಏಕೆಂದರೆ ಗಿಣಿಗೇರಾ ಕಡೆಯ ಕಾರ್ಖಾನೆಗಳ ಹೊಗೆ-ಧೂಳು ಬರುವ ಊರಿನಲ್ಲಿ ಒರೆಸುವವರು ನಡುವೆ ನಿಲ್ಲಲೇಬೇಕು. 7 ಅಡಿ 3 ಅಂಗುಲ, 2 ಅಡಿ, 3 ಅಡಿ 7 ಅಂಗುಲ, ಒಟ್ಟು 12 ಅಡಿ 10 ಅಂಗುಲ: 13 ಅಡಿಯೊಳಗೆ ಬಂತು. ಒಂಬತ್ತು ಫಲಕಕ್ಕೆ 4.86 ಕಿಲೋವ್ಯಾಟ್. ಚಳಿಗಾಲದ ಸಂಜೆ ಮೆಟ್ಟಿಲು ಕೋಣೆಯ ನೆರಳು ಮೊದಲು ಮುಟ್ಟುವುದು ಈ ಮುಂದಿನ ಸಾಲನ್ನು, ಅದು ಅಡ್ಡ ಮಲಗಿರುವುದರಿಂದ ನಷ್ಟವೂ ಕಡಿಮೆ.

ಈ ಮೂರು ಫಲಕಗಳಿಗೆ ಮಾತ್ರ ಟ್ಯಾಂಕು ಸರಿಯಲೇಬೇಕು, ಇಲ್ಲದಿದ್ದರೆ ಅದರ ನೆರಳು ಚಳಿಗಾಲದ ನಡುಹಗಲಿನಲ್ಲೇ ಇವುಗಳ ಮೇಲೆ ಬೀಳುತ್ತದೆ. ಟ್ಯಾಂಕನ್ನು ಕೋಣೆಯ ದಕ್ಷಿಣ ತುದಿಗೆ, ಅದರ ಉತ್ತರ ಮೈ ನಾಲ್ಕೂವರೆ ಅಡಿಯಲ್ಲಿ ಬರುವಂತೆ ಇಟ್ಟರೆ, ನಡುಹಗಲಿನ ನೆರಳು ಕೋಣೆಯ ನೆರಳಿನೊಳಗೇ ಅಡಗುತ್ತದೆ, ಮೂರು ಗಂಟೆಯದು 18 ಅಡಿಗೆ ನಿಲ್ಲುತ್ತದೆ. ನೈಋತ್ಯದಲ್ಲೇ ಉಳಿಯುವುದರಿಂದ ವಾಸ್ತು ನೋಡುವ ಹಿರಿಯರ ತಕರಾರೂ ಇರುವುದಿಲ್ಲ, ನೀರಿನ ಒತ್ತಡವೂ ಬದಲಾಗದು.

ಎಂಟು ಅಡಿ ಎತ್ತರದ ಚೌಕಟ್ಟು ತಪ್ಪು ಎನ್ನಲಾರೆ. ಸುತ್ತ ಮೂರಂತಸ್ತಿನ ಮನೆಗಳಿದ್ದರೆ, ಇಡೀ ಮಾಳಿಗೆ ಬಳಕೆಗೆ ಬೇಕಿದ್ದರೆ ಅದನ್ನೇ ಮಾಡಬೇಕಾಗುತ್ತದೆ. ಆದರೆ ಅದರ ಬೆಲೆ ತಿಳಿದು ಮಾಡಬೇಕು. ಮುಂಗಾರಿಗೆ ಮುನ್ನ ಬರುವ ಬಿರುಗಾಳಿ ಗಂಟೆಗೆ 108 ಕಿಲೋಮೀಟರ್ ವೇಗ ಮುಟ್ಟಿತೆಂದುಕೊಳ್ಳಿ. ಆಗ ಗಾಳಿಯ ಒತ್ತಡ ಚದರ ಮೀಟರಿಗೆ ಸುಮಾರು 55 ಕಿಲೋ. ಆರು ಫಲಕಗಳ ಹದಿನೈದೂವರೆ ಚದರ ಮೀಟರಿಗೆ ಅದು 850 ಕಿಲೋ ಆಗುತ್ತದೆ, ಫಲಕಗಳ ಸ್ವಂತ ತೂಕವೋ 170 ಕಿಲೋದ ಆಸುಪಾಸು. ಓರೆ, ಎತ್ತರ, ಗಾಳಿಯ ದಿಕ್ಕಿನಿಂದ ಈ ಒತ್ತಡದಲ್ಲಿ ಎಷ್ಟು ಭಾಗ ಮೇಲಕ್ಕೆ ಎತ್ತುತ್ತದೆ ಎಂಬುದು ಬದಲಾಗುತ್ತದೆ, ಆದರೆ ಪ್ಯಾರಾಪೆಟ್‌ನ ಮರೆಯಿಂದ ಮೇಲೆ ಬಂದ ಫಲಕಕ್ಕೆ ಗಾಳಿ ನೇರವಾಗಿ ತಾಗುತ್ತದೆ ಎಂಬುದು ಖಚಿತ. ಸ್ಲ್ಯಾಬಿಗೆ ನಾಲ್ಕು ಬೋಲ್ಟ್ ಹೊಡೆದು ನಿಲ್ಲಿಸಿದ ಉದ್ದ ಕಾಲಿನ ಚೌಕಟ್ಟನ್ನು ನಾನು ಒಪ್ಪುವುದಿಲ್ಲ. ಕಾಲುಗಳು ಕೆಳಗಿನ ಕಂಬ ಅಥವಾ ತೊಲೆಯ ಮೇಲೆ ಬರಬೇಕು, ಅಡ್ಡ ಕಟ್ಟುಗಳಿರಬೇಕು, ಸ್ಟ್ರಕ್ಚರಲ್ ಇಂಜಿನಿಯರ್ ಲೆಕ್ಕ ಕೊಟ್ಟಿರಬೇಕು. ಒರೆಸಲು ಪ್ರತಿ ಸಲ ಏಣಿ ಹತ್ತಬೇಕು ಎನ್ನುವುದನ್ನೂ ಯೋಚಿಸಿ. ಹತ್ತಲು ಕಷ್ಟವಾದ ಫಲಕವನ್ನು ಯಾರೂ ನಿಯಮಿತವಾಗಿ ತೊಳೆಯುವುದಿಲ್ಲ.

ಹಣದ ದೃಷ್ಟಿಯಿಂದ ಮೊದಲು 3 ಕಿಲೋವ್ಯಾಟ್ ಎನ್ನುವ ನಿಮ್ಮ ಯೋಚನೆ ಸರಿ. ಪಿಎಂ ಸೂರ್ಯ ಘರ್ ಯೋಜನೆಯ ಸಹಾಯಧನ 3 ಕಿಲೋವ್ಯಾಟಿಗೆ 78,000 ರೂಪಾಯಿಗೆ ನಿಲ್ಲುತ್ತದೆ, ಅದರ ಮೇಲಿನದಕ್ಕೆ ಹೆಚ್ಚುವರಿ ಇಲ್ಲ. ಮುಂದೆ ವಿಸ್ತರಿಸುವ ಮನಸ್ಸಿದ್ದರೆ ಅದನ್ನು ಈಗಲೇ ಹೇಳಿ, ಇನ್ವರ್ಟರ್ ಆರಿಸುವಾಗ ಅದು ಲೆಕ್ಕಕ್ಕೆ ಬರಬೇಕು. ಎರಡು ಪ್ರತ್ಯೇಕ ಎಂಪಿಪಿಟಿ, ಅಂದರೆ ಒಂದೊಂದು ಸಾಲಿನಿಂದ ಸಿಗುವಷ್ಟು ವಿದ್ಯುತ್ತನ್ನು ಬೇರೆಬೇರೆಯಾಗಿ ಎಳೆದುಕೊಳ್ಳುವ ಭಾಗ, ಇರುವ ಇನ್ವರ್ಟರ್ ಆದರೆ ಹಿಂದಿನ ಆರು ಒಂದಕ್ಕೆ, ಮುಂದಿನ ಮೂರು ಇನ್ನೊಂದಕ್ಕೆ ಹೋಗಿ, ಮುಂದಿನ ಸಾಲಿನ ನೆರಳು ಹಿಂದಿನದನ್ನು ಎಳೆಯುವುದಿಲ್ಲ. ಮೂರೇ ಫಲಕಗಳ ವೋಲ್ಟೇಜು ಆ ಇನ್ವರ್ಟರ್ ಕೆಲಸ ಶುರುಮಾಡಲು ಸಾಕೇ ಎಂದು ಅದರ ವಿವರಪತ್ರದಲ್ಲಿ ನೋಡಿಸಿ. ಸಾಲದಿದ್ದರೆ ಒಂಬತ್ತನ್ನೂ ಒಂದೇ ಸರಣಿಯಲ್ಲಿ ಹಾಕಬೇಕಾಗುತ್ತದೆ.

ಯಾರಿಗೂ ಮುಂಗಡ ಕೊಡುವ ಮೊದಲು ಈ ಜೋಡಣೆಯನ್ನು ಸುಣ್ಣದ ದಾರ ಹಿಡಿದು ಮಾಳಿಗೆಯ ಮೇಲೇ ಬರೆಸಿ: 21 ಅಡಿಯ ಗೆರೆ, ಎರಡೂ ಸಾಲುಗಳ ಅಂಚು, ನಡುವಿನ ದಾರಿ. ಆ ಆಯತದೊಳಗೆ ಡಿಶ್ ಆಂಟೆನಾ, ಪಾಯಿಖಾನೆಯ ಗಾಳಿ ಪೈಪು, ಬಟ್ಟೆ ಒಣಹಾಕುವ ತಂತಿಯ ಕಂಬ ಇದ್ದರೆ ಅವನ್ನು ಮೊದಲೇ ಬೇರೆಡೆಗೆ ಸಾಗಿಸಬೇಕು, ಬೆರಳು ದಪ್ಪದ ಪೈಪಿನ ನೆರಳೂ ಹತ್ತಿರದಲ್ಲಿದ್ದರೆ ಕೋಶವನ್ನು ಕಟ್ಟಿಹಾಕುತ್ತದೆ. ಟ್ಯಾಂಕಿನ ತುಂಬಿ ಹರಿಯುವ ಪೈಪು ಫಲಕದ ಕಡೆ ತಿರುಗಿರಬಾರದು; ನಮ್ಮ ಕೊಳವೆಬಾವಿ ನೀರಿನ ಉಪ್ಪು ಗಾಜಿನ ಮೇಲೆ ಒಣಗಿ ಬಿಳಿ ಪದರವಾದರೆ ಮಾಮೂಲಿ ತೊಳೆತಕ್ಕೆ ಹೋಗುವುದಿಲ್ಲ.

ಟ್ಯಾಂಕು ಸರಿಸುವುದಾದರೆ ಅದನ್ನು ಫಲಕ ಬರುವ ಮೊದಲೇ ಮಾಡಿಸಿ. ತುಂಬಿದ ಟ್ಯಾಂಕು ಒಂದು ಟನ್ನಿಗಿಂತ ಹೆಚ್ಚು ತೂಗುತ್ತದೆ, ಆದ್ದರಿಂದ ಹೊಸ ಕಟ್ಟೆ ಬರೀ ಸ್ಲ್ಯಾಬಿನ ನಡುಭಾಗದ ಮೇಲೆ ಬರದೆ ಕೋಣೆಯ ದಕ್ಷಿಣ ಗೋಡೆ ಮತ್ತು ಪಶ್ಚಿಮ ಗೋಡೆಯ ಮೇಲೆ ಭಾರ ಹೊರುವಂತೆ ಎರಡು ತೊಲೆ ಹಾಕಿಸಲು ಗೌಂಡಿಗೆ ಹೇಳಿ, ಮತ್ತು ಹಳೆಯ ಕಟ್ಟೆಯನ್ನು ಒಡೆದ ಜಾಗದಲ್ಲಿ ನೀರು ಇಳಿಯದಂತೆ ಅದೇ ದಿನ ಗಿಲಾಯಿ ಮಾಡಿಸಿ.